ಹನ್ನೊಂದಕ್ಕೆ ಮಲಗಿದರೂ ಎರಡೂವರೆವರೆಗೆ ತಲೆ ಓಡುತ್ತಲೇ ಇರುತ್ತೆ: ಎಡಿಎಚ್‌ಡಿ ಇರೋ ದೊಡ್ಡವರಿಗೆ ರಾತ್ರಿ ದಿನಚರಿ ಹೇಗಿರಬೇಕು?

ಹೇಮಾವತಿ ದಂಡೆ · ಸೋಮವಾರ, ರಾತ್ರಿ 9:10

ಕೇಳ್ತಿರೋದು ನನ್ನ ತಮ್ಮನ ವಿಚಾರ. ವಯಸ್ಸು 31, ಹಾಸನದಲ್ಲಿ ಒಂದು ಆಡಿಟರ್ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಹೋದ ವರ್ಷ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ಚಂಚಲತೆಯ ತೊಂದರೆ, ಅಂತ ಗೊತ್ತಾಯ್ತು. ಅದಕ್ಕೆ ಮೀಥೈಲ್‌ಫೆನಿಡೇಟ್ ಮಾತ್ರೆ ಬೆಳಿಗ್ಗೆ ಒಂದು, ಸಂಜೆ ನಾಲ್ಕಕ್ಕೆ ಚಿಕ್ಕದೊಂದು. ಹಗಲು ಕೆಲಸ ಈಗ ಪರವಾಗಿಲ್ಲ. ರಾತ್ರಿಯದೇ ತೊಂದರೆ.

ನಿದ್ದೆಗೆ ಅಂತ ಎಲ್ಲರೂ ಹೇಳೋದನ್ನೆಲ್ಲ ಮಾಡಿದ್ದಾನೆ. ಹನ್ನೊಂದಕ್ಕೆ ದೀಪ ಆರಿಸ್ತಾನೆ, ಮಲಗ್ತಾನೆ. ನಿದ್ದೆ ಬರೋದು ಎರಡೂವರೆಗೆ. ನಡುವೆ ನಾಳೆಯ ಜಿಎಸ್‌ಟಿ ರಿಟರ್ನು, ಹಳೇ ಜಗಳ, ಹೊಸ ಮೊಬೈಲು, ಎಲ್ಲ ತಲೆಯಲ್ಲಿ ಸುತ್ತುತ್ತೆ. ಕೊನೆಗೆ ಫೋನ್ ತಗೋತಾನೆ. ಬೆಳಿಗ್ಗೆ ಏಳಕ್ಕೆ ಎಬ್ಬಿಸಬೇಕು, ಎಬ್ಬಿಸೋದೇ ಒಂದು ಯುದ್ಧ. ಭಾನುವಾರ ಹನ್ನೊಂದೂವರೆವರೆಗೆ ಮಲಗಿರ್ತಾನೆ. ದಸರಾ ರಜೆಯಲ್ಲಿ ಊರಲ್ಲಿ ಒಂದು ವಾರ ಯಾರೂ ಎಬ್ಬಿಸಲಿಲ್ಲ. ಆಗ ಎರಡೂವರೆಗೆ ಮಲಗಿ ಹತ್ತಕ್ಕೆ ಏಳ್ತಿದ್ದ, ಚೆನ್ನಾಗಿಯೇ ಇದ್ದ. ಕಾಫಿ ಸಂಜೆ ಐದೂವರೆಗೊಂದು, ಊಟ ಆದಮೇಲೆ ಎಂಟೂವರೆಗೊಂದು.

ಯಾವ ದಿನಚರಿ ಹಾಕಿಕೊಟ್ಟರೂ ಹತ್ತು ದಿನಕ್ಕೆ ಬಿಟ್ಟುಬಿಡ್ತಾನೆ. ಇಂಥವರಿಗೆ ಹೊಂದೋ ಕ್ರಮ ಗೊತ್ತಿದ್ದವರು ಹೇಳಿ.

ಮುಂಜಾವು · ಸೋಮವಾರ, ರಾತ್ರಿ 9:34

ಮೇಡಂ, ಇದಕ್ಕೆ ಒಂದೇ ಔಷಧಿ. ಬೆಳಗಿನ ಜಾವ ನಾಲ್ಕೂವರೆಗೆ ಎಬ್ಬಿಸಿ. ಎಷ್ಟು ಹೊತ್ತಿಗೆ ಮಲಗಿದ ಅಂತ ನೋಡಬೇಡಿ. ತಣ್ಣೀರು ಸ್ನಾನ, ಮಹಾರಾಜ ಪಾರ್ಕಿನಲ್ಲಿ ನಾಲ್ಕು ಸುತ್ತು. ನಾಲ್ಕು ದಿನ ಕಷ್ಟ ಆಗುತ್ತೆ, ಐದನೇ ದಿನ ಒಂಬತ್ತಕ್ಕೇ ನಿದ್ದೆ ತೂಗುತ್ತೆ. ಶಿಸ್ತು ಇಲ್ಲದೆ ಯಾವ ಮಾತ್ರೆಯೂ ಕೆಲಸ ಮಾಡಲ್ಲ.

ಡಿಕಾಕ್ಷನ್ · ಸೋಮವಾರ, ರಾತ್ರಿ 9:50

ಕಾಫಿ ಬಗ್ಗೆ ಹೆದರಬೇಡಿ ಅಕ್ಕಾ. ಎಡಿಎಚ್‌ಡಿ ಇರೋರಿಗೆ ಕಾಫಿ ಉಲ್ಟಾ ಕೆಲಸ ಮಾಡುತ್ತೆ, ಕುಡಿದರೆ ಶಾಂತ ಆಗ್ತಾರೆ. ಬೇಕಾದರೆ ಚಿಕೋರಿ ಜಾಸ್ತಿ ಇರೋ ಪುಡಿ ತಗೊಳ್ಳಿ, ಚಿಕೋರಿಯಲ್ಲಿ ಕೆಫೀನ್ ಇರಲ್ಲ. ನಮ್ಮ ಚಿಕ್ಕಮಗಳೂರಲ್ಲಿ ರಾತ್ರಿ ಊಟ ಆದಮೇಲೆ ಕಾಫಿ ಕುಡಿದು ಗೊರಕೆ ಹೊಡೆಯೋರು ಎಷ್ಟು ಜನ ಬೇಕು?

ಕಳಸದ ಕಡೆಯವಳು · ಸೋಮವಾರ, ರಾತ್ರಿ 10:41

ಚಿಕ್ಕಮಗಳೂರಲ್ಲಿ ಮನಃಶಾಸ್ತ್ರದ ಆಪ್ತಸಲಹೆ ನನ್ನ ಕೆಲಸ, ನಿದ್ದೆಯ ತೊಂದರೆಗೆ ಬರೋರೇ ಜಾಸ್ತಿ. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಹೇಮಾವತಿಯವರೇ, ನೀವು ಬರೆದದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ದಸರಾ ರಜೆಯದು. ಯಾರೂ ಎಬ್ಬಿಸದೆ ಇದ್ದಾಗ ಎರಡೂವರೆಯಿಂದ ಹತ್ತರವರೆಗೆ, ಅಂದರೆ ಏಳೂವರೆ ಗಂಟೆ ಸಲೀಸಾಗಿ ಮಲಗಿದ್ದಾನೆ. ಅವನಿಗೆ ನಿದ್ದೆ ಮಾಡಲಿಕ್ಕೆ ಬರುತ್ತೆ. ನಿದ್ದೆಯ ಗಡಿಯಾರ ತಡವಾಗಿ ಓಡ್ತಿದೆ, ಅಷ್ಟೆ. ನಿದ್ದೆ ತಡವಾಗೋ ತೊಂದರೆ ಇರುವ ಎಡಿಎಚ್‌ಡಿ ವಯಸ್ಕರಲ್ಲಿ ಕತ್ತಲಾಯ್ತು ಅಂತ ಮೈಗೆ ತಿಳಿಸೋ ಮೆಲಟೋನಿನ್ ಅನ್ನೋ ಹಾರ್ಮೋನ್ ಸಂಜೆ ಏರೋ ಹೊತ್ತು ಬೇರೆಯವರಿಗಿಂತ ಸುಮಾರು ಒಂದೂವರೆ ಗಂಟೆ ತಡ ಆಗುತ್ತೆ. ಅದರ ಮೇಲೆ ಇನ್ನೊಂದು ತೊಂದರೆ ಕೂತಿದೆ: ಮಾಡ್ತಿರೋದನ್ನ ನಿಲ್ಲಿಸೋದು ಅವರಿಗೆ ಕಷ್ಟ. ಎರಡನ್ನೂ ಬೇರೆ ಬೇರೆ ಬಿಡಿಸಬೇಕು.

ಮೊದಲು ಗಡಿಯಾರ. ಎರಡೂವರೆಗೆ ನಿದ್ದೆ ಬರುವವನಿಗೆ ಹನ್ನೊಂದು ಗಂಟೆ ಅನ್ನೋದು ಮಲಗಲಿಕ್ಕೆ ದಿನದಲ್ಲೇ ಅತಿ ಕೆಟ್ಟ ಹೊತ್ತುಗಳಲ್ಲಿ ಒಂದು. ಸಹಜವಾಗಿ ನಿದ್ದೆ ಹತ್ತೋದಕ್ಕೆ ಎರಡು ಮೂರು ಗಂಟೆ ಮುಂಚೆ ಮೈ ಎಚ್ಚರವನ್ನ ಜಗ್ಗಿ ಹಿಡಿಯುತ್ತೆ. ನಿಮಗೂ ಸಂಜೆ ಏಳೂವರೆಗೆ ಮಲಗು ಅಂದರೆ ಏನಾಗುತ್ತೋ ಅದೇ ಅವನಿಗೆ ಹನ್ನೊಂದಕ್ಕೆ ಆಗ್ತಿದೆ. ಕತ್ತಲೆ, ಮೌನ, ಕೈಯಲ್ಲಿ ಕೆಲಸ ಇಲ್ಲ. ಎಡಿಎಚ್‌ಡಿ ತಲೆಗೆ ಅಂಥಾ ಖಾಲಿ ಜಾಗ ಸಿಕ್ಕರೆ ತಾನೇ ಏನಾದರೂ ತುಂಬಿಕೊಳ್ಳುತ್ತೆ. ದಿನಾ ಮೂರೂವರೆ ಗಂಟೆ ಹೀಗಾದರೆ ಹಾಸಿಗೆ ಅಂದಕೂಡಲೇ ತಲೆ ಓಡೋದು ಅಭ್ಯಾಸ ಆಗಿಬಿಡುತ್ತೆ.

ಅದಕ್ಕೇ ಮೊದಲ ವಾರ ಅವನನ್ನ ಬೇಗ ಮಲಗಿಸಬೇಡಿ. ಹಾಸಿಗೆಗೆ ಹೋಗೋದು ರಾತ್ರಿ 1:15ಕ್ಕೆ. ಏಳೋದು 7ಕ್ಕೆ, ಭಾನುವಾರವೂ ಹೆಚ್ಚೆಂದರೆ 8ಕ್ಕೆ. ಅಲ್ಲಿಗೆ ಹಾಸಿಗೆಯಲ್ಲಿರೋ ಹೊತ್ತು ಐದು ಮುಕ್ಕಾಲು ಗಂಟೆ. ಇದಕ್ಕಿಂತ ಕಮ್ಮಿ ಮಾಡಬೇಡಿ. ಏಳು ರಾತ್ರಿಯಲ್ಲಿ ಐದು ರಾತ್ರಿ ಅರ್ಧ ಗಂಟೆಯೊಳಗೆ ನಿದ್ದೆ ಹತ್ತಿದರೆ ಮಲಗೋ ಹೊತ್ತನ್ನ ಕಾಲು ಗಂಟೆ ಹಿಂದೆ ತನ್ನಿ, 1:00 ಮಾಡಿ. ಹತ್ತಲಿಲ್ಲ ಅಂದರೆ ಅಲ್ಲೇ ಇನ್ನೊಂದು ವಾರ. ಹೀಗೆ 11:45ಕ್ಕೆ ತರಲಿಕ್ಕೆ ಆರು ಮೆಟ್ಟಿಲು, ಆರರಿಂದ ಎಂಟು ವಾರ ಆಗಬಹುದು. ಮೊದಲೆರಡು ವಾರ ಹಗಲು ತೂಕಡಿಕೆ ಇರುತ್ತೆ, ಆ ದಿನಗಳಲ್ಲಿ ಬೈಕ್ ಓಡಿಸೋದು ಬೇಡ, ಬಸ್ಸಲ್ಲಿ ಹೋಗಲಿ. ಅಪಸ್ಮಾರ ಇದ್ದರೆ, ಅಥವಾ ಹಿಂದೆ ಎಂದಾದರೂ ನಿದ್ದೆ ಕಮ್ಮಿಯಾದಾಗ ವಿಪರೀತ ಹುರುಪು, ಮಾತು, ಖರ್ಚು ಏರಿದ್ದರೆ ಈ ಕ್ರಮ ಶುರು ಮಾಡೋ ಮುಂಚೆಯೇ ವೈದ್ಯರಿಗೆ ಹೇಳಿ. ಅಂಥವರಿಗೆ ನಿದ್ದೆ ಕತ್ತರಿಸೋದು ಅಪಾಯ.

ಕಾಫಿ, ಬೆಳಕಿನ ಮಾತು ನಾಳೆ ಬರೀತೀನಿ. ಇಲ್ಲಿ ಮಳೆ, ಕರೆಂಟ್ ಹೋಗೋ ಹಾಗಿದೆ.

ಮುಂಜಾವು · ಸೋಮವಾರ, ರಾತ್ರಿ 10:58

ನಿದ್ದೆ ಬರಲ್ಲ ಅಂದವನಿಗೆ ಇನ್ನೂ ತಡವಾಗಿ ಮಲಗು ಅಂತೀರಲ್ಲ ಮೇಡಂ! ಬೆಳಗಿನ ಬೆಳಕು ಮುಖ್ಯ ಅಂತ ನಿಮ್ಮ ವಿಜ್ಞಾನವೂ ಹೇಳುತ್ತೆ ತಾನೆ?

ಕಳಸದ ಕಡೆಯವಳು · ಮಂಗಳವಾರ, ಬೆಳಿಗ್ಗೆ 8:20

ಹೇಳುತ್ತೆ ಸರ್, ಅದರಲ್ಲಿ ನೀವು ಸರಿ. ಆದರೆ ಯಾರ ಬೆಳಗು ಅನ್ನೋದನ್ನ ನೋಡಬೇಕು.

ಮೈಯ ಶಾಖ ರಾತ್ರಿಯಲ್ಲಿ ಒಂದು ಹೊತ್ತಿಗೆ ಅತಿ ಕೆಳಗೆ ಇಳಿಯುತ್ತೆ, ಸಹಜವಾಗಿ ಎಚ್ಚರ ಆಗೋದಕ್ಕೆ ಸುಮಾರು ಎರಡು ಮೂರು ಗಂಟೆ ಮುಂಚೆ. ಅದರ ನಂತರ ಕಣ್ಣಿಗೆ ಬೀಳೋ ಬೆಳಕು ಗಡಿಯಾರವನ್ನ ಮುಂಚಿನ ಹೊತ್ತಿಗೆ ಎಳೆಯುತ್ತೆ. ಅದಕ್ಕೆ ಮುಂಚೆ ಬಿದ್ದರೆ ಇನ್ನೂ ತಡಕ್ಕೆ ತಳ್ಳುತ್ತೆ. ಹತ್ತಕ್ಕೆ ಸಹಜವಾಗಿ ಏಳುವವನಿಗೆ ಆ ಹೊತ್ತು ಏಳರಿಂದ ಎಂಟರ ನಡುವೆ. ನಾಲ್ಕೂವರೆಗೆ ಎಬ್ಬಿಸಿ ಟ್ಯೂಬ್‌ಲೈಟ್ ಹಾಕಿ, ಆರೂಕಾಲರ ಬಿಸಿಲಲ್ಲಿ ಪಾರ್ಕ್ ಸುತ್ತಿಸಿದರೆ ಅವನ ಮೈಗೆ ಅದು ಬೆಳಗಲ್ಲ, ನಡುರಾತ್ರಿ. ಐದನೇ ದಿನ ಒಂಬತ್ತಕ್ಕೆ ನಿದ್ದೆ ಬರುತ್ತಲ್ಲ, ಅದು ದಣಿವಿನ ನಿದ್ದೆ. ಒಂದು ಭಾನುವಾರ ಬಿಟ್ಟರೆ ಸಾಕು, ಮತ್ತೆ ಎರಡೂವರೆ.

ಆದ್ದರಿಂದ ಮೊದಲ ವಾರ ಏಳಕ್ಕೆ ಎದ್ದು ಒಂದು ಗಂಟೆ ಮನೆಯೊಳಗಿನ ಮಬ್ಬು ಬೆಳಕಲ್ಲೇ ಇರಲಿ. ಎಂಟರಿಂದ ಎಂಟೂವರೆವರೆಗೆ ಜಗಲಿಯಲ್ಲೋ ತಾರಸಿಯಲ್ಲೋ ತಿಂಡಿ ತಿನ್ನಲಿ. ಸೂರ್ಯನನ್ನ ದಿಟ್ಟಿಸೋದು ಬೇಡ, ಆಕಾಶ ಕಾಣೋ ಹಾಗೆ ಕೂತರೆ ಸಾಕು. ಕಪ್ಪು ಕನ್ನಡಕ ಬೇಡ. ಮೋಡ ಕವಿದಿದ್ದರೂ ಹೊರಗಿನ ಬೆಳಕು ಮನೆಯ ದೀಪಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಹಾಗಾಗಿ ಆಷಾಢದ ಮಳೆಯಲ್ಲೂ ಮಾಡಬಹುದು, ಚಾವಣಿ ಇದ್ದರಾಯ್ತು. ಮಲಗೋ ಹೊತ್ತು ಕಾಲು ಗಂಟೆ ಹಿಂದೆ ಬಂದಾಗೆಲ್ಲ ಬೆಳಕಿನ ಹೊತ್ತೂ ಕಾಲು ಗಂಟೆ ಹಿಂದೆ ಬರಲಿ, ಏಳೋ ಹೊತ್ತಾದ ಏಳು ಗಂಟೆ ಮುಟ್ಟೋವರೆಗೆ.

ಕಾಫಿ ಬಗ್ಗೆ ಡಿಕಾಕ್ಷನ್ ಅವರದ್ದು ಅರ್ಧ ಸರಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಒಪ್ಪಿದೆ. ಕೆಲವರಿಗೆ ಕುಡಿದಮೇಲೆ ಮನಸ್ಸು ತುಸು ನೆಲೆ ನಿಂತ ಹಾಗೆ ಅನಿಸೋದೂ ಉಂಟು. ಆದರೆ ಶಾಂತ ಅನಿಸೋದು ಬೇರೆ, ನಿದ್ದೆಯ ಗಡಿಯಾರ ಬೇರೆ. ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲಿಕ್ಕೆ ಸರಾಸರಿ ಐದು ಗಂಟೆ ಬೇಕು. ಎಂಟೂವರೆಯ ಲೋಟದಲ್ಲಿ ಅರ್ಧ, ರಾತ್ರಿ ಒಂದೂವರೆಗೂ ಒಳಗೇ ಇರುತ್ತೆ. ಮಲಗೋ ಮೂರು ಗಂಟೆ ಮುಂಚೆ ಗಟ್ಟಿ ಕಾಫಿ ಕುಡಿದರೆ ಗಡಿಯಾರವೇ ಸುಮಾರು ನಲವತ್ತು ನಿಮಿಷ ತಡ ಆಗುತ್ತೆ ಅಂತ ಪ್ರಯೋಗದಲ್ಲಿ ಕಂಡಿದೆ. ಇವರು ವಾರಕ್ಕೆ ಕಾಲು ಗಂಟೆ ಗಳಿಸಲಿಕ್ಕೆ ಒದ್ದಾಡುವಾಗ ಈ ಕಡೆಯಿಂದ ನಲವತ್ತು ನಿಮಿಷ ಕಳೆಯೋದು ಯಾಕೆ?

ಡಿಕಾಕ್ಷನ್ · ಮಂಗಳವಾರ, ಬೆಳಿಗ್ಗೆ 9:05

ಸರಿ, ಎಂಟೂವರೆಯದು ಬಿಡಿಸಿ. ಆದರೆ ಒಂದು ಮಾತು ಸೇರಿಸ್ತೀನಿ, ಇದು ನನ್ನ ಕ್ಷೇತ್ರ. ಪುಡಿ ಯಾವುದು ಅಂತ ನೋಡಿ. ರೊಬಸ್ಟಾದಲ್ಲಿ ಅರೇಬಿಕಾಗಿಂತ ಸುಮಾರು ಎರಡು ಪಟ್ಟು ಕೆಫೀನ್. ಕಡಿಮೆ ಬೆಲೆಯ ಮಿಶ್ರಣದಲ್ಲಿ ರೊಬಸ್ಟಾನೇ ಜಾಸ್ತಿ ಇರುತ್ತೆ. ಆಮೇಲೆ ಫಿಲ್ಟರಿನಿಂದ ಮೊದಲು ಇಳಿದ ಡಿಕಾಕ್ಷನ್ ಗಟ್ಟಿ, ಅದೇ ಪುಡಿಗೆ ಎರಡನೇ ಸಲ ನೀರು ಹಾಕಿದ್ದು ತೆಳು. ಸಂಜೆ ಐದೂವರೆಯದನ್ನ ಬಿಡಲ್ಲ ಅಂತ ಹಟ ಮಾಡಿದರೆ ನಾಲ್ಕೂವರೆಗೆ ತಂದು, ಅರೇಬಿಕಾ ಪುಡಿಯ ಎರಡನೇ ಡಿಕಾಕ್ಷನ್ ಕೊಡಿ. ರಾತ್ರಿ ಊಟ ಆದಮೇಲೆ ಲೋಟ ಹಿಡಿಯೋ ಚಟಕ್ಕೆ ಜೀರಿಗೆ ಕಷಾಯ. ಹಾಲು ಬೆಲ್ಲ ಹಾಕಿದರೆ ಕಾಫಿಯ ಬಣ್ಣವೇ ಬರುತ್ತೆ, ಮೋಸ ಗೊತ್ತಾಗಲ್ಲ.

ಹೇಮಾವತಿ ದಂಡೆ · ಮಂಗಳವಾರ, ಮಧ್ಯಾಹ್ನ 1:15

ಎಲ್ಲರಿಗೂ ಧನ್ಯವಾದ. ತಮ್ಮನಿಗೆ ಓದಿ ಹೇಳಿದೆ. 1:15ಕ್ಕೆ ಮಲಗು ಅಂದಿದ್ದಕ್ಕೆ ಖುಷಿಪಟ್ಟ, ಅದೇ ನನಗೆ ಹೆದರಿಕೆ! ಹನ್ನೊಂದರಿಂದ ಒಂದೂಕಾಲಿನವರೆಗೆ ಏನು ಮಾಡಬೇಕು? ಬಿಟ್ಟರೆ ಲ್ಯಾಪ್‌ಟಾಪ್ ತೆಗೆದು ಮೂರು ಗಂಟೆ ಮಾಡ್ತಾನೆ. ಹತ್ತೂವರೆಗೆ ಫೋನಲ್ಲಿ ಅಲಾರಂ ಇಟ್ಟಿದ್ದೆವು, ನೋಡದೇ ಆರಿಸ್ತಾನೆ.

ಕಳಸದ ಕಡೆಯವಳು · ಮಂಗಳವಾರ, ರಾತ್ರಿ 8:47

ಇಲ್ಲೇ ಸಾಮಾನ್ಯ ಸಲಹೆಗಳು ಇವರಿಗೆ ಕೈಕೊಡೋದು. 'ಮಲಗೋ ಹೊತ್ತಾಯ್ತು' ಅಂತ ಹೇಳೋ ಅಲಾರಂ ಒಂದು ಕೆಲಸ ಹೇಳಲ್ಲ, ಇಪ್ಪತ್ತು ಕೆಲಸ ಹೇಳುತ್ತೆ: ಲ್ಯಾಪ್‌ಟಾಪ್ ಮುಚ್ಚು, ನೀರು ತುಂಬು, ಹಲ್ಲುಜ್ಜು, ಬಾಗಿಲು ಹಾಕು, ನಾಳೆಯದು ನೆನಪಿಟ್ಟುಕೋ. ತಲೆ ಅದನ್ನ ತಳ್ಳಿಹಾಕುತ್ತೆ. ಜೊತೆಗೆ ಅಲಾರಂ ಇರೋದೂ ಫೋನಲ್ಲೇ, ಆರಿಸಲಿಕ್ಕೆ ಕೈಗೆತ್ತಿಕೊಂಡರೆ ಅಲ್ಲಿಂದ ಇನ್ನೊಂದು ಅರ್ಧ ಗಂಟೆ ಹೋಯ್ತು.

ಬ್ಯಾಟರಿ ಹಾಕೋ ಹಳೇ ಮಾದರಿ ಅಲಾರಂ ಗಡಿಯಾರ ತಗೊಳ್ಳಿ, ಅಡುಗೆಮನೆಯಲ್ಲಿಡಿ, 11:45ಕ್ಕೆ ಬಾರಿಸಲಿ. ಆರಿಸಲಿಕ್ಕೆ ಎದ್ದು ಹೋಗಲೇಬೇಕು. ಕೂತಲ್ಲಿಂದ ಏಳೋದೇ ಈ ಕ್ರಮದಲ್ಲಿ ಅತಿ ಕಷ್ಟದ ಹೆಜ್ಜೆ, ಅದನ್ನ ಗಡಿಯಾರ ಮಾಡಿಸುತ್ತೆ. ಗಡಿಯಾರದ ಪಕ್ಕ ಒಂದು ನೋಟ್‌ಬುಕ್, ಪೆನ್ನು ಕಟ್ಟಿಡಿ. ಅಲ್ಲೇ ನಿಂತು ಎರಡು ವಿಷಯ ಬರೀಬೇಕು. ಒಂದು, ಈಗ ಅರ್ಧಕ್ಕೆ ಬಿಟ್ಟ ಕೆಲಸದ ಮುಂದಿನ ಒಂದೇ ಹೆಜ್ಜೆ. 'ರಿಟರ್ನ್ ಮುಗಿಸು' ಅಂತ ಬರೆದರೆ ಪ್ರಯೋಜನ ಇಲ್ಲ. 'ಮಾರ್ಚ್ ತಿಂಗಳ ಖರೀದಿ ಬಿಲ್ಲು, ಸಾಲು 42ರಿಂದ' ಅಂತ ಬರೆದರೆ ತಲೆ ಅದನ್ನ ಹಿಡಿದಿಟ್ಟುಕೊಳ್ಳೋ ಅಗತ್ಯ ಬಿಡುತ್ತೆ. ಎರಡು, ನಾಳೆ ಮಾಡಬೇಕಾದ್ದು, ಐದೇ ನಿಮಿಷ, ಒಂದೇ ಪುಟ. ಮಲಗೋ ಮುಂಚೆ ನಾಳೆಯ ಕೆಲಸ ಬರೆದವರಿಗೆ, ಮುಗಿದ ಕೆಲಸ ಬರೆದವರಿಗಿಂತ ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆ ಹತ್ತಿತು ಅಂತ 2018ರ ಒಂದು ಪ್ರಯೋಗದಲ್ಲಿದೆ, ಬಿಡಿಸಿ ಬರೆದಷ್ಟೂ ಲಾಭ ಜಾಸ್ತಿ. ಅದು ಎಡಿಎಚ್‌ಡಿ ಇರೋರ ಮೇಲೆ ಮಾಡಿದ್ದಲ್ಲ. ಇವರಲ್ಲಿ ತಪ್ಪೋದು ಎಲ್ಲಿ ಅಂದರೆ, ಪಟ್ಟಿ ಐದು ನಿಮಿಷದಿಂದ ಐವತ್ತು ನಿಮಿಷಕ್ಕೆ ಬೆಳೆಯುತ್ತೆ, ಬಣ್ಣದ ಪೆನ್ನು ಬರುತ್ತೆ, ಹೊಸ ಯೋಜನೆ ಹುಟ್ಟುತ್ತೆ. ಅದಕ್ಕೇ ನಿಂತು ಬರೀಬೇಕು, ಕುರ್ಚಿ ಇಡಬೇಡಿ.

ಆಮೇಲೆ ಫೋನು ಹಾಲ್‌ನಲ್ಲಿ ಚಾರ್ಜಿಗೆ. ಮಲಗೋ ಕೋಣೆಯಿಂದ ಚಾರ್ಜರನ್ನೇ ತೆಗೆದುಬಿಡಿ. ಹಲ್ಲು, ಮುಖ, ಬಟ್ಟೆ. ಹನ್ನೆರಡೂಕಾಲಿಂದ ಒಂದೂಕಾಲಿನವರೆಗೆ ಹಾಸಿಗೆಯ ಹೊರಗೆ, ಮಂದ ಬೆಳಕಲ್ಲಿ, ಕೈಗೆ ಕೆಲಸ ಇರೋ ಆದರೆ ಮುಗಿಸಲೇಬೇಕು ಅನಿಸದ ಏನಾದರೂ. ಬಟ್ಟೆ ಮಡಚೋದು, ಅವರೆಕಾಯಿ ಸುಲಿಯೋದು, ಓದಿ ಮುಗಿಸಿದ ಪುಸ್ತಕವನ್ನೇ ಮತ್ತೆ ಓದೋದು. ಹೊಸ ಕಾದಂಬರಿ ಬೇಡ.

ಇನ್ನೊಂದು. ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬರದಿದ್ದರೆ ಎದ್ದು ಹೋಗು ಅನ್ನೋ ಹಳೇ ನಿಯಮ ಒಳ್ಳೇದೇ. ಆದರೆ ಇವರು ಎದ್ದರೆ ರಾತ್ರಿ ಎರಡಕ್ಕೆ ಕಪಾಟು ಜೋಡಿಸಲಿಕ್ಕೆ ನಿಲ್ತಾರೆ. ಆದ್ದರಿಂದ ಎದ್ದರೆ ಕೂರೋ ಜಾಗ ಮುಂಚೆಯೇ ಗೊತ್ತು ಮಾಡಿ: ಅದೇ ಕೋಣೆಯಲ್ಲಿ ಒಂದು ಕುರ್ಚಿ, ಹೊದಿಕೆ, ಅದೇ ಹಳೇ ಪುಸ್ತಕ. ಬಾಗಿಲು ದಾಟೋ ಹಾಗಿಲ್ಲ. ಗಡಿಯಾರ ನೋಡೋದೂ ಬೇಡ, ಸುಮಾರು ಹೊತ್ತು ಅನಿಸಿದರೆ ಸಾಕು.

ಫ್ಯೂಸ್ ಕ್ಯಾರಿಯರ್ · ಮಂಗಳವಾರ, ರಾತ್ರಿ 9:30

ಮನೆ ವೈರಿಂಗ್ ಕೆಲಸದವನು ನಾನು. ಮೇಡಂ ಹೇಳಿದ ಮಂದ ಬೆಳಕಿಗೆ ಒಂದು ದಾರಿ ಇದೆ. ಹಾಲ್‌ನಲ್ಲಿ 20 ವ್ಯಾಟ್ ಬಿಳಿ ಎಲ್‌ಇಡಿ ಪಟ್ಟಿ ಇರುತ್ತಲ್ಲ, ಡಬ್ಬದ ಮೇಲೆ 6500K ಅಂತ ಇರುತ್ತೆ, ಅದನ್ನ ಸಂಜೆ ಮೇಲೆ ಹಾಕಲೇಬೇಡಿ. 2700K ಅಥವಾ 3000K ಅಂತ ಬರೆದಿರೋ ಹಳದಿ ಬಲ್ಬು, 5 ವ್ಯಾಟ್ ಸಾಕು, ತಲೆ ಮೇಲೆ ಬೇಡ, ಸೊಂಟದ ಎತ್ತರಕ್ಕೆ ಟೇಬಲ್ ದೀಪದಲ್ಲಿ.

ಅದನ್ನ ನೆನಪಿಟ್ಟು ಬದಲಾಯಿಸೋರು ಯಾರು? 24 ಗಂಟೆಯ ಟೈಮರ್ ಸಾಕೆಟ್ ಸಿಗುತ್ತೆ. ಸುತ್ತ 96 ಚಿಕ್ಕ ಪಿನ್ನು, ಒಂದೊಂದು ಪಿನ್ನಿಗೆ ಕಾಲು ಗಂಟೆ. ಒಂದಕ್ಕೆ ಟೇಬಲ್ ದೀಪ ಸಿಕ್ಕಿಸಿ, ಹತ್ತೂವರೆಗೆ ತಾನೇ ಹತ್ತಲಿ. ಇನ್ನೊಂದಕ್ಕೆ ವೈಫೈ ರೂಟರ್ರು, ಹನ್ನೆರಡಕ್ಕೆ ಆರಲಿ. ಮಲಗೋ ಹೊತ್ತು ಕಾಲು ಗಂಟೆ ಹಿಂದೆ ಬಂದರೆ ಒಂದೊಂದು ಪಿನ್ನು ಸರಿಸಿದರಾಯ್ತು, ಲೆಕ್ಕ ಸರಿಯಾಗಿ ಕೂರುತ್ತೆ.

ತಪ್ಪೋದು ಎಲ್ಲಿ ಅಂತ ಹೇಳಿಬಿಡ್ತೀನಿ. ಪಿನ್ನಿನ ಟೈಮರ್ ಕರೆಂಟಲ್ಲೇ ತಿರುಗೋದು. ಎರಡು ಗಂಟೆ ಕರೆಂಟ್ ಹೋದರೆ ಎರಡು ಗಂಟೆ ನಿಂತಿರುತ್ತೆ, ಆಮೇಲೆ ಎಲ್ಲ ಎರಡು ಗಂಟೆ ತಡ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಇದು ದಿನದ ಕಥೆ. ಇನ್ವರ್ಟರ್ ಲೈನಿಗೆ ಹಾಕಿ, ಇಲ್ಲ ಒಳಗೆ ಬ್ಯಾಟರಿ ಇರೋ ಡಿಜಿಟಲ್ ಟೈಮರ್ ತಗೊಳ್ಳಿ. ಫ್ರಿಜ್ಜು, ಮೋಟರ್ ಇಂಥವನ್ನ ಇದಕ್ಕೆ ಸಿಕ್ಕಿಸಬೇಡಿ.

ಹೇಮಾವತಿ ದಂಡೆ · ಮಂಗಳವಾರ, ರಾತ್ರಿ 9:41

ಅಣ್ಣಾ, ವೈಫೈ ಆರಿದರೆ ಮೊಬೈಲ್ ಡೇಟಾ ಹಾಕ್ಕೊಳ್ತಾನಲ್ಲ?

ಫ್ಯೂಸ್ ಕ್ಯಾರಿಯರ್ · ಮಂಗಳವಾರ, ರಾತ್ರಿ 9:48

ಹಾಕ್ಕೊಳ್ತಾನೆ ಅಕ್ಕಾ. ತಡೆಯಲಿಕ್ಕಲ್ಲ ಅದು. ನೋಡ್ತಿದ್ದ ವಿಡಿಯೋ ಅರ್ಧಕ್ಕೆ ನಿಂತಾಗ ಒಂದು ಗಳಿಗೆ ತಲೆ ಎತ್ತುತ್ತಾನೆ, ಆ ಗಳಿಗೆಗೆ. ತಲೆ ಎತ್ತಿದಾಗ ಚಾರ್ಜರ್ ಹಾಲ್‌ನಲ್ಲಿ ಕಂಡರೆ ಅರ್ಧ ಕೆಲಸ ಆಯ್ತು.

ಹತ್ತು ಟು ಹತ್ತು · ಬುಧವಾರ, ಬೆಳಿಗ್ಗೆ 11:02

ಔಷಧಿ ಅಂಗಡಿಯವನು ನಾನು. ಯಾರೂ ಮೆಲಟೋನಿನ್ ಮಾತ್ರೆಯ ಮಾತು ಎತ್ತಲಿಲ್ಲ ಅಂತ ಆಶ್ಚರ್ಯ. ಮಲಗೋ ಮುಂಚೆ 10 ಮಿಲಿಗ್ರಾಂ ಕೊಟ್ಟರೆ ಆಯ್ತಲ್ಲ? ತುಂಬಾ ಜನ ತಗೊಂಡು ಹೋಗ್ತಾರೆ.

ಕಳಸದ ಕಡೆಯವಳು · ಬುಧವಾರ, ಮಧ್ಯಾಹ್ನ 2:30

ಅದರಲ್ಲೇ ಎರಡು ತಪ್ಪು ಇದೆ ಸರ್, ಪ್ರಮಾಣ ಮತ್ತು ಹೊತ್ತು. ಮೆಲಟೋನಿನ್ ನಿದ್ದೆ ಮಾತ್ರೆ ಥರ ಹೊಡೆದು ಮಲಗಿಸಲ್ಲ, ಗಡಿಯಾರಕ್ಕೆ ಸಂಜೆಯಾಯ್ತು ಅಂತ ಸುದ್ದಿ ಮುಟ್ಟಿಸುತ್ತೆ. ಸುದ್ದಿಯನ್ನ ಕೂಗಿ ಹೇಳೋದು ಬೇಡ, ಸರಿಯಾದ ಹೊತ್ತಿಗೆ ಹೇಳಬೇಕು. ಎಡಿಎಚ್‌ಡಿ ಜೊತೆ ನಿದ್ದೆ ತಡ ಇರೋ ವಯಸ್ಕರ ಮೇಲೆ ನೆದರ್ಲೆಂಡ್ಸ್‌ನಲ್ಲಿ ನಡೆದ ಪ್ರಯೋಗದಲ್ಲಿ ಕೊಟ್ಟದ್ದು ಬರೀ 0.5 ಮಿಲಿಗ್ರಾಂ. ಮೂರು ವಾರದಲ್ಲಿ ಗಡಿಯಾರ ಸುಮಾರು ಒಂದೂವರೆ ಗಂಟೆ ಮುಂಚಿನ ಹೊತ್ತಿಗೆ ಬಂತು, ಬಿಟ್ಟು ಎರಡು ವಾರಕ್ಕೆ ಮತ್ತೆ ಮೊದಲಿನ ಹಾಗೆ ಆಯ್ತು. ಹೊತ್ತು, ಈಗ ನಿದ್ದೆ ಹತ್ತೋ ಸಮಯಕ್ಕೆ ನಾಲ್ಕೈದು ಗಂಟೆ ಮುಂಚೆ. ಅಂದರೆ ಈ ಹುಡುಗನಿಗೆ ರಾತ್ರಿ ಹತ್ತರ ಆಸುಪಾಸು. 10 ಮಿಲಿಗ್ರಾಂ ಒಂದು ಗಂಟೆಗೆ ನುಂಗಿದರೆ ಬೆಳಿಗ್ಗೆವರೆಗೂ ಮಂಪರು.

ಇದನ್ನ ಶುರು ಮಾಡೋದು ಅವನ ಮೀಥೈಲ್‌ಫೆನಿಡೇಟ್ ಬರೆದುಕೊಟ್ಟ ವೈದ್ಯರೇ ಹೇಳಬೇಕು. ರಕ್ತ ತೆಳು ಮಾಡೋ ಮಾತ್ರೆ, ಅಪಸ್ಮಾರದ ಮಾತ್ರೆ ಇದ್ದರಂತೂ ಕೇಳದೆ ಬೇಡವೇ ಬೇಡ.

ಹತ್ತು ಟು ಹತ್ತು · ಬುಧವಾರ, ಮಧ್ಯಾಹ್ನ 3:12

ಒಪ್ಪಿದೆ ಮೇಡಂ. ಆದರೆ ನಮ್ಮ ಕಡೆ ಸಾಮಾನ್ಯವಾಗಿ ಸಿಗೋದು 3, 5, 10 ಮಿಲಿಗ್ರಾಂ. ಅರ್ಧ ಮಿಲಿಗ್ರಾಂ ಹತ್ತಿರಕ್ಕೆ ಇಳಿಸಬೇಕು ಅಂದರೆ 3ರ ಸಾದಾ ಮಾತ್ರೆಯನ್ನ ಕಾಲು ಮಾಡಬೇಕು, ಅದೂ 0.75 ಆಗುತ್ತೆ. ಮಾತ್ರೆ ಕತ್ತರಿಸೋ ಚಿಕ್ಕ ಡಬ್ಬಿ ಸಿಗುತ್ತೆ, ಚಾಕುವಲ್ಲಿ ಪುಡಿಯಾಗುತ್ತೆ. ಹೆಸರಿನ ಮುಂದೆ SR ಅಥವಾ PR ಅಂತ ಇದ್ದರೆ ಕತ್ತರಿಸಲೇಬಾರದು, ನಿಧಾನ ಬಿಡೋ ಲೇಪನ ಹಾಳಾಗುತ್ತೆ. ಮೀಥೈಲ್‌ಫೆನಿಡೇಟ್‌ಗೂ ಅದೇ ಮಾತು. ಆಮೇಲೆ ಅದು ಶೆಡ್ಯೂಲ್ ಎಕ್ಸ್ ಔಷಧಿ, ಚೀಟಿಯ ಒಂದು ಪ್ರತಿ ನಾವು ಇಟ್ಕೋಬೇಕು. ಹೊತ್ತು ಬದಲಾಯಿಸಿದರೆ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ, ಬಾಯಿಮಾತಲ್ಲಿ ಆಗಲ್ಲ.

ಬಾಳೆಹೊನ್ನೂರು ಬಸ್ಸು · ಬುಧವಾರ, ಸಂಜೆ 5:55

ನನಗೂ ಇದೇ ತೊಂದರೆ ಮಾರಾಯ್ರೇ. ಮಲಗಿದ ಕೂಡಲೇ ಕಾಲಲ್ಲಿ ಇರುವೆ ಹರಿದ ಹಾಗೆ, ಅಲ್ಲಾಡಿಸಿದರೆ ಮಾತ್ರ ಸಮಾಧಾನ. ಎದ್ದು ನಡೆದರೆ ಹೋಗುತ್ತೆ, ಮಲಗಿದರೆ ಮತ್ತೆ. ಎಡಿಎಚ್‌ಡಿ ಅಂತ ಯಾರೂ ಹೇಳಿಲ್ಲ. ನಾನೂ ಒಂದೂಕಾಲಿಗೆ ಮಲಗಬೇಕಾ?

ಕಳಸದ ಕಡೆಯವಳು · ಬುಧವಾರ, ರಾತ್ರಿ 7:20

ಬೇಡ, ನಿಮ್ಮದು ಬೇರೆ. ಸಂಜೆ ಮೇಲೆ ಕಾಲಿನ ಸೆಳೆತ, ನಡೆದರೆ ಕಮ್ಮಿ, ಮಲಗಿದರೆ ಜಾಸ್ತಿ ಅಂದರೆ ಮೊದಲು ರಕ್ತದಲ್ಲಿ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ, ನೋಡಿಸಿ. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ ಕೆಳಗಿರಬಹುದು. 75ಕ್ಕಿಂತ ಕಮ್ಮಿ ಇದ್ದರೆ ಈ ತೊಂದರೆಗೆ ಕಬ್ಬಿಣಾಂಶ ಕೊಡೋದು ರೂಢಿ, ಆದರೆ ಲ್ಯಾಬಿನ ಚೀಟಿಯಲ್ಲಿ ಅದಕ್ಕಿಂತ ಎಷ್ಟೋ ಕೆಳಗಿನ ಅಂಕಿಯನ್ನೂ 'ಸಾಮಾನ್ಯ' ಅಂತ ಬರೆದಿರ್ತಾರೆ. ಅಂಕಿಯನ್ನೇ ವೈದ್ಯರಿಗೆ ತೋರಿಸಿ. ಕಬ್ಬಿಣದ ಮಾತ್ರೆ ಕಾಫಿ ಚಹದ ಜೊತೆ ತಗೋಬೇಡಿ, ಮೈಗೆ ಹತ್ತಲ್ಲ.

ಹೇಮಾವತಿಯವರೇ, ತಮ್ಮನನ್ನೂ ಒಂದು ಸಲ ಕೇಳಿ. ಎಡಿಎಚ್‌ಡಿ ಇರೋರಲ್ಲಿ ಕಾಲಿನ ಈ ತೊಂದರೆ ಹೆಚ್ಚು, 'ತಲೆ ಓಡುತ್ತೆ' ಅನ್ನೋ ಮಾತಿನ ಕೆಳಗೆ ಅಡಗಿರುತ್ತೆ.

ಹೇಮಾವತಿ ದಂಡೆ · ಬುಧವಾರ, ರಾತ್ರಿ 9:02

ಕೇಳಿದೆ, ಕಾಲಿನದ್ದೇನೂ ಇಲ್ಲ. ಸಂಜೆ ನಾಲ್ಕರ ಮಾತ್ರೆಯೇ ನಿದ್ದೆ ಕೆಡಿಸ್ತಿದೆಯೇನೋ ಅಂತ ಅಮ್ಮನಿಗೆ ಅನುಮಾನ, ನಿಲ್ಲಿಸು ಅಂತಾರೆ.

ಕಳಸದ ಕಡೆಯವಳು · ಬುಧವಾರ, ರಾತ್ರಿ 9:40

ನೀವಾಗಿಯೇ ನಿಲ್ಲಿಸಬೇಡಿ. ಇದು ಎರಡೂ ಕಡೆ ವಾಲೋ ವಿಷಯ. ಸಾದಾ ಮೀಥೈಲ್‌ಫೆನಿಡೇಟ್ ನಾಲ್ಕು ಗಂಟೆಯ ಆಸುಪಾಸು ಕೆಲಸ ಮಾಡುತ್ತೆ, ನಾಲ್ಕಕ್ಕೆ ತಗೊಂಡದ್ದು ಎಂಟಕ್ಕೆ ಇಳಿಯುತ್ತೆ. ಕೆಲವರಿಗೆ ಅದರಿಂದ ನಿದ್ದೆ ತಡ ಆಗುತ್ತೆ. ಇನ್ನು ಕೆಲವರಿಗೆ ಮಾತ್ರೆ ಇಳಿಯೋ ಹೊತ್ತಿಗೇ ಚಡಪಡಿಕೆ ಏರುತ್ತೆ, ಸಂಜೆಯದು ನಿಲ್ಲಿಸಿದರೆ ರಾತ್ರಿ ಇನ್ನೂ ಕೆಡುತ್ತೆ. ನಿಮ್ಮ ತಮ್ಮ ಯಾವ ಕಡೆ ಅಂತ ಇಲ್ಲಿಂದ ಹೇಳಲಿಕ್ಕಾಗಲ್ಲ. ಎರಡು ವಾರ ನಾಲ್ಕೇ ಅಂಕಿ ಬರೆದಿಡಿ: ಸಂಜೆ ಮಾತ್ರೆ ತಗೊಂಡ ಹೊತ್ತು, ಚಡಪಡಿಕೆ ಶುರುವಾದ ಹೊತ್ತು, ಹಾಸಿಗೆಗೆ ಹೋದದ್ದು, ಅಂದಾಜು ನಿದ್ದೆ ಹತ್ತಿದ್ದು. ಅದನ್ನ ಬೆಳಿಗ್ಗೆ ತಿಂಡಿ ಹೊತ್ತಲ್ಲಿ ಬರೆಯಲಿ, ರಾತ್ರಿ ಬೇಡ. ಆ ಹಾಳೆ ಹಿಡಿದು ವೈದ್ಯರ ಹತ್ತಿರ ಹೋದರೆ ಮಾತು ಐದು ನಿಮಿಷದಲ್ಲಿ ಮುಗಿಯುತ್ತೆ. ಮುಂದಿನ ಭೇಟಿಗೆ ತುಂಬಾ ದಿನ ಇದ್ದರೆ ಹಾಸನದಲ್ಲಿ ಹಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗ ಇದೆ, ಫೋನಲ್ಲಿ ಕೇಳಲಿಕ್ಕೆ ಟೆಲಿ ಮಾನಸ್ 14416.

ಹತ್ತು ದಿನಕ್ಕೆ ಬಿಡ್ತಾನೆ ಅಂದಿರಲ್ಲ, ಅದಕ್ಕೂ ಒಂದು ಮಾತು. ಹೊಸತು ಹಳತಾದ ಕೂಡಲೇ ಇವರಿಗೆ ರುಚಿ ಕೆಡುತ್ತೆ. ಅದನ್ನ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಬದಲಾಗಬಾರದ್ದು ಮೂರೇ: ಏಳೋ ಹೊತ್ತು, ಬೆಳಗಿನ ಬೆಳಕು, ಅಡುಗೆಮನೆಯ ಗಡಿಯಾರ. ಹನ್ನೆರಡೂಕಾಲಿನ ನಂತರದ ಕೈಗೆಲಸ ಎರಡು ವಾರಕ್ಕೊಮ್ಮೆ ಬದಲಾಗಲಿ. ಒಂದು ರಾತ್ರಿ ಕೆಟ್ಟರೆ ಮರುದಿನ ಏಳಕ್ಕೆ ಏಳೋದೊಂದನ್ನ ಬಿಡದಿದ್ದರೆ ಸಾಕು, ಮಧ್ಯಾಹ್ನ ಮಲಗಿ ಸರಿದೂಗಿಸೋದು ಬೇಡ.

ಮುಂಜಾವು · ಗುರುವಾರ, ಬೆಳಿಗ್ಗೆ 5:10

ನಾಲ್ಕೂವರೆ ಮಾತು ಹಿಂದಕ್ಕೆ ತಗೋತೀನಿ, ಆದರೆ ಭಾನುವಾರವೂ ಏಳೋ ಹೊತ್ತು ಬಿಡಬಾರದು ಅಂದಿರಲ್ಲ, ನಾನು ಹೇಳಿದ ಶಿಸ್ತು ಅದೇ. ಒಂದು ಕೇಳ್ತೀನಿ. ಹಾಸಿಗೆಯಲ್ಲಿ ಏನಾದರೂ ಕೇಳುತ್ತಾ ಮಲಗಬಹುದಾ? ತಾಳಮದ್ದಳೆ ಹಾಕಿದರೆ ಒಳ್ಳೇ ನಿದ್ದೆ ಅಂತ ನಮ್ಮ ಪಾರ್ಕಿನ ಗೆಳೆಯರು ಹೇಳ್ತಾರೆ.

ಕಳಸದ ಕಡೆಯವಳು · ಗುರುವಾರ, ಬೆಳಿಗ್ಗೆ 8:35

ಈ ವಿಷಯದಲ್ಲಿ ನಮ್ಮ ವೃತ್ತಿಯಲ್ಲೇ ಒಮ್ಮತ ಇಲ್ಲ. ಹಾಸಿಗೆ ನಿದ್ದೆಗೆ ಮಾತ್ರ ಅನ್ನೋರು ಬೇಡ ಅಂತಾರೆ. ಖಾಲಿ ಮೌನದಲ್ಲಿ ತಲೆ ಓಡೋರಿಗೆ ಮೆಲ್ಲಗಿನ ಒಂದು ದನಿ ಇದ್ದರೆ ಒಳ್ಳೇದು ಅಂತ ನನ್ನ ಅಭಿಪ್ರಾಯ, ಮೊದಲೇ ಕೇಳಿ ಬಾಯಿಪಾಠ ಆಗಿರೋದಾಗಿರಬೇಕು, ಅರ್ಧ ಗಂಟೆಗೆ ತಾನೇ ನಿಲ್ಲಬೇಕು, ಫೋನಿನಿಂದ ಬರಬಾರದು. ತಾಳಮದ್ದಳೆ ಮಾತ್ರ ಬೇಡ ಸರ್. ವಾದ ಬಿಸಿಯೇರಿದರೆ ಮುಂದಿನ ಉತ್ತರ ಏನು ಅಂತ ಕಿವಿ ನಿಮಿರುತ್ತೆ.

ಡಿಕಾಕ್ಷನ್ · ಗುರುವಾರ, ಬೆಳಿಗ್ಗೆ 9:15

ಹಳೇ ಟೆಸ್ಟ್ ಮ್ಯಾಚಿನ ಕಾಮೆಂಟರಿ ಹಾಕಿ. ಡ್ರಾ ಆದದ್ದು ಗೊತ್ತಿರೋದೇ ಇರಲಿ.

ಹೇಮಾವತಿ ದಂಡೆ · ಗುರುವಾರ, ರಾತ್ರಿ 8:05

ಗಡಿಯಾರ ತಂದೆ, ನೋಟ್‌ಬುಕ್ ಅಡುಗೆಮನೆ ಕಿಟಕಿಗೆ ಕಟ್ಟಿದೆ. ಪಿನ್ನಿನ ಟೈಮರ್ ಒಂದೇ ಸಿಕ್ತು, ದೀಪಕ್ಕೆ ಹಾಕಿದೆ. ಇನ್ವರ್ಟರ್ ಲೈನಿನ ಪ್ಲಗ್ ಇರೋದು ಮೂಲೆಯಲ್ಲಿ, ಅಲ್ಲಿಗೆ ದೀಪದ ವೈರು ಮುಟ್ಟಲ್ಲ. ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ ಅದರಲ್ಲಿ ಟೈಮರ್ ಸಿಕ್ಕಿಸಬಹುದಾ ಅಣ್ಣಾ?

ಫ್ಯೂಸ್ ಕ್ಯಾರಿಯರ್ · ಗುರುವಾರ, ರಾತ್ರಿ 8:31

5 ವ್ಯಾಟ್ ದೀಪಕ್ಕೆ ಏನೂ ಆಗಲ್ಲ, ಹಾಕಿ. ಬೋರ್ಡಿನ ಸ್ವಿಚ್ ಮೇಲೆ ಒಂದು ಟೇಪು ಅಂಟಿಸಿಬಿಡಿ. ಯಾರಾದರೂ ಆರಿಸಿದರೆ ಟೈಮರ್ ನಿಲ್ಲುತ್ತೆ, ನಿಂತದ್ದು ಮೂರು ದಿನ ಗೊತ್ತೇ ಆಗಲ್ಲ.